ಸ್ವಿಚ್ ಆಫ್ ಆದ್ಮೇಲೆ ಕರೆಂಟ್ ಎಲ್ಲಿಗೆ ಹೋಗತ್ತೆ? 50 ಪರ್ಸೆಂಟ್ ಕೊಟ್ರೂ ಫುಲ್ ಸ್ಪೀಡಲ್ಲಿ ಓಡಿದ ಮೋಟರ್ ಕತೆ

(ಚಿಕ್ಕಬಳ್ಳಾಪುರದಲ್ಲಿ ಡಿಪ್ಲೊಮಾ ಹುಡುಗ್ರು, ಒಂದಿಬ್ರು ಮೆಕ್ಯಾನಿಕ್‌ಗಳು, ಶಿಡ್ಲಘಟ್ಟದಿಂದ ಬಂದಿದ್ದ ರೀಲರ್‌ಗಳು ಕೂತಿದ್ದ ಕಡೆ ಆಡಿದ ಮಾತು. ಬೋರ್ಡ್ ಮೇಲೆ ಬರೆದಿದ್ದನ್ನ ಇಲ್ಲಿ ಬಾಯಲ್ಲಿ ಹೇಳೋ ಹಾಗೆ ಮಾಡಿದೀನಿ, ಮಿಕ್ಕಿದ್ದು ಅವತ್ತು ಮಾತಾಡಿದ ಹಾಗೇ ಇದೆ.)

ಎಲ್ರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ರೇಷ್ಮೆ ಕೆಲಸ ಮಾಡೋ ಒಬ್ರು ಪರಿಚಯದವ್ರು ಒಂದಿನ ಫೋನ್ ಮಾಡಿದ್ರು. ಲಡಿಯಿಂದ ಬಾಬಿನ್‌ಗೆ ನೂಲು ಸುತ್ತೋಕೆ ಒಂದು ಪುಟ್ಟ ಮಷಿನ್ ಮಾಡ್ಕೊಂಡಿದ್ರು, 12 ವೋಲ್ಟ್ ಗೇರ್ ಮೋಟರ್, ಮೋಟರ್ ನಡೆಸೋ ಕೆಂಪು ಕಲರ್ L298N ಬೋರ್ಡು, ಒಂದು ಆರ್ಡುಯಿನೊ ಯುನೊ, ಅಷ್ಟೆ. ಅವ್ರ ಕಂಪ್ಲೇಂಟ್ ಏನು ಅಂದ್ರೆ, "ಸಾರ್, ಅರ್ಧ ಸ್ಪೀಡ್ ಇಟ್ರೂ ಬಾಬಿನ್ ಗಾಳಿ ಥರ ಓಡ್ತೈತೆ, ನೂಲು ಸ್ವಲ್ಪ ಬಿಗಿ ಬಿದ್ರೆ ನಿಂತೋಗೋ ಹಂಗೆ ಆಗ್ತೈತೆ, ಬಿಗಿ ಬಿಟ್ಟ ತಕ್ಷಣ ಮತ್ತೆ ಎಗರಿ ಎಳೆ ಕಿತ್ತಾಕ್ತೈತೆ." ಮೋಟರ್ ಹಾಳಾಗಿರಬೇಕು ಅಂತ ಆಗ್ಲೇ ಇನ್ನೊಂದು ತಂದು ಹಾಕಿದ್ರು, ಅದೂ ಹಾಗೇ.

ಕೋಡ್ ನೋಡ್ದೆ. ಡ್ಯೂಟಿ 128, ಅಂದ್ರೆ 255ರಲ್ಲಿ ಅರ್ಧ, 50 ಪರ್ಸೆಂಟ್. ಮೋಟರ್ ತುದಿಗೆ ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು ನೋಡಿದ್ರೆ ಲೋಡ್ ಇಲ್ದೆ 9 ವೋಲ್ಟ್ ಮೇಲೆ ತೋರಿಸ್ತಿತ್ತು. 12ರ ಅರ್ಧ 6 ಆಗ್ಬೇಕು, ಬೋರ್ಡಲ್ಲಿ ಒಂದೂವರೆ ಎರಡು ವೋಲ್ಟ್ ಬೇರೆ ಕಳೆದುಹೋಗತ್ತೆ, ಹಾಗಿದ್ಮೇಲೆ 9 ಎಲ್ಲಿಂದ ಬಂತು? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆ ಮೇಲೇನೇ.

ಮೊದ್ಲು ಪಿಡಬ್ಲ್ಯುಎಂ ಅಂದ್ರೆ ಏನು ಅನ್ನೋದನ್ನ ಬೇಗ ಹೇಳ್ಬಿಡ್ತೀನಿ, ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರತ್ತೆ. ವೋಲ್ಟೇಜ್ ಕಮ್ಮಿ ಮಾಡೋ ಬದ್ಲು ಪೂರ್ತಿ 12 ವೋಲ್ಟನ್ನೇ ಹಾಕ್ತೀವಿ, ತೆಗೀತೀವಿ, ಹಾಕ್ತೀವಿ, ತೆಗೀತೀವಿ. ಒಂದು ಸುತ್ತಲ್ಲಿ ಎಷ್ಟು ಭಾಗ ಹಾಕಿರ್ತೀವೋ ಅದೇ ಡ್ಯೂಟಿ ಸೈಕಲ್. ಯುನೊದಲ್ಲಿ 9ನೇ ಪಿನ್ನಲ್ಲಿ ಸುಮ್ನೆ analogWrite ಮಾಡಿದ್ರೆ ಸೆಕೆಂಡಿಗೆ 490 ಸಲ ಇದು ನಡಿಯತ್ತೆ, ಅಂದ್ರೆ ಒಂದು ಸುತ್ತು ಸುಮಾರು 2 ಮಿಲಿಸೆಕೆಂಡ್, 50 ಪರ್ಸೆಂಟಿಗೆ 1 ಮಿಲಿಸೆಕೆಂಡ್ ಆನ್, 1 ಮಿಲಿಸೆಕೆಂಡ್ ಆಫ್. ಪಾಠದಲ್ಲಿ ಏನಂತಾರೆ, ಡ್ಯೂಟಿ 50 ಆದ್ರೆ ಸರಾಸರಿ ವೋಲ್ಟೇಜ್ ಅರ್ಧ, ಸ್ಪೀಡೂ ಅರ್ಧ. ಆ ಮಾತಲ್ಲಿ ಒಂದು ಷರತ್ತು ಅಡಗಿ ಕೂತಿದೆ, ಅದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ: ಆಫ್ ಆಗಿರೋ ಹೊತ್ತಲ್ಲಿ ಮೋಟರ್ ತುದಿಗಳಲ್ಲಿ ಸೊನ್ನೆ ವೋಲ್ಟ್ ಇರ್ಬೇಕು. ಆಫ್ ಅಂದ್ರೆ ಸೊನ್ನೆ ಅಂತ ನಾವು ಅಂದ್ಕೋತೀವಿ. ಆದ್ರೆ ಸ್ವಿಚ್ ತೆರೆದು ಬಿಟ್ರೆ ಅಲ್ಲಿ ಸೊನ್ನೆ ಇರಲ್ಲ, ಮೋಟರ್ ತನಗೆ ಬೇಕಾದ ವೋಲ್ಟೇಜನ್ನ ತಾನೇ ತಂದು ಕೂರಿಸ್ಕೊಳ್ಳತ್ತೆ.

ಯಾಕೆ ಅಂತ ನೋಡಣ. ಮೋಟರ್ ಒಳಗೆ ಮೂರು ವಸ್ತು ಸಾಲಾಗಿ ಕೂತಿವೆ ಅಂತ ಅಂದ್ಕೊಳ್ಳಿ. ಒಂದು ತಂತಿಯ ರೆಸಿಸ್ಟನ್ಸು. ಎರಡು ಸುರುಳಿಯ ಇಂಡಕ್ಟನ್ಸು. ಮೂರು, ಮೋಟರ್ ತಿರುಗ್ತಾ ಇರೋದ್ರಿಂದ ಅದೇ ಹುಟ್ಟಿಸೋ ಎದುರು ವೋಲ್ಟೇಜು, ಬ್ಯಾಕ್ ಇಎಂಎಫ್, ಇದು ಸ್ಪೀಡಿಗೆ ತಕ್ಕ ಹಾಗೆ ಇರತ್ತೆ. ಶಿಡ್ಲಘಟ್ಟದ ಮೋಟರಲ್ಲಿ ರೆಸಿಸ್ಟನ್ಸ್ 4 ಓಮ್ ಇತ್ತು (ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ಅಳೀಬೇಕು, ಬ್ರಷ್ ಕೂರೋ ಜಾಗ ಬದ್ಲಾದ್ರೆ ರೀಡಿಂಗೂ ಬದ್ಲಾಗತ್ತೆ), ಇಂಡಕ್ಟನ್ಸ್ ಎಲ್‌ಸಿಆರ್ ಮೀಟರಲ್ಲಿ 2 ಮಿಲಿಹೆನ್ರಿ. ಇಂಡಕ್ಟನ್ಸನ್ನ ರೆಸಿಸ್ಟನ್ಸಿಂದ ಭಾಗಿಸಿದ್ರೆ ಅರ್ಧ ಮಿಲಿಸೆಕೆಂಡ್. ಈ ಮೋಟರಲ್ಲಿ ಕರೆಂಟ್ ಏರೋಕೆ ಇಳಿಯೋಕೆ ಹಿಡಿಯೋ ಹೊತ್ತಿನ ಅಳತೆ ಅದು. ಈ ಅರ್ಧ ಮಿಲಿಸೆಕೆಂಡನ್ನ ನೆನಪಲ್ಲಿ ಇಟ್ಕೊಂಡಿರಿ, ಪದೇ ಪದೇ ಬರತ್ತೆ.

ಇಂಡಕ್ಟನ್ಸಿನ ಗುಣ ನಮ್ಮ ಕಡೆ ರೈತರಿಗೆ ಹೇಳ್ಕೊಡ್ಬೇಕಾಗಿಲ್ಲ. ಬೋರ್‌ವೆಲ್ಲಿಂದ ಹೊಲಕ್ಕೆ ನೀರು ಜೋರಾಗಿ ಹೋಗ್ತಿರುವಾಗ ಗೇಟ್ ವಾಲ್ವ್ ದಿಢೀರ್ ಅಂತ ತಿರುಗಿಸಿ ಮುಚ್ಚಿದ್ರೆ ಪೈಪ್ ಧಡ್ ಅಂತ ಬಡಿಯತ್ತೆ, ಒಂದೊಂದ್ಸಲ ಜಾಯಿಂಟೇ ಕಿತ್ಕೊಂಡು ಬರತ್ತೆ. ಓಡ್ತಿರೋ ನೀರು ನಿಲ್ಲಲ್ಲ ಅಂತ ಹಟ ಹಿಡಿಯತ್ತೆ. ಸುರುಳಿಯಲ್ಲಿ ಓಡ್ತಿರೋ ಕರೆಂಟೂ ಹಾಗೇನೆ, ಸ್ವಿಚ್ ತೆರೆದ್ರೆ ಅದೇ ದಿಕ್ಕಲ್ಲಿ ಓಡೋಕೆ ಎಲ್ಲಾದ್ರೂ ದಾರಿ ಹುಡುಕತ್ತೆ, ದಾರಿ ಕೊಡ್ದಿದ್ರೆ ವೋಲ್ಟೇಜ್ ಏರಿಸಿಕೊಂಡು ಟ್ರಾನ್ಸಿಸ್ಟರನ್ನೇ ಒಡೆದು ಹೋಗತ್ತೆ. ಅದಕ್ಕೆ ನಾವೇ ಒಂದು ದಾರಿ ಮಾಡಿ ಕೊಡ್ಬೇಕು. ಅದೇ ಫ್ರೀವೀಲಿಂಗ್ ದಾರಿ. ಎಚ್ ಬ್ರಿಡ್ಜಲ್ಲಿ ಈ ದಾರಿ ಒಂದಲ್ಲ, ಎರಡಿವೆ, ಎಡವಟ್ಟೆಲ್ಲ ಆಗಿದ್ದು ಅಲ್ಲೇ.

ಎಚ್ ಬ್ರಿಡ್ಜ್ ಅಂದ್ರೆ ನಾಲ್ಕು ಸ್ವಿಚ್ಚು, ಎಡಗಡೆ ಮೇಲೊಂದು ಕೆಳಗೊಂದು, ಬಲಗಡೆ ಮೇಲೊಂದು ಕೆಳಗೊಂದು, ಮಧ್ಯೆ ಅಡ್ಡ ಗೆರೆ ಥರ ಮೋಟರ್. ಪ್ರತಿ ಸ್ವಿಚ್ಚಿನ ಪಕ್ಕ ಒಂದು ಡಯೋಡ್, ಸಪ್ಲೈ ಕಡೆಗೆ ಮುಖ ಮಾಡಿ ಕೂತಿರತ್ತೆ. ಎಡ ಮೇಲಿಂದು, ಬಲ ಕೆಳಗಿಂದು ಹಾಕಿದ್ರೆ ಕರೆಂಟ್ ಎಡದಿಂದ ಬಲಕ್ಕೆ ಹೋಗಿ ಮೋಟರ್ ಮುಂದಕ್ಕೆ ತಿರುಗತ್ತೆ. ಇನ್ನೆರಡು ಹಾಕಿದ್ರೆ ಹಿಂದಕ್ಕೆ. ಒಂದೇ ಕಡೆಯ ಮೇಲಿಂದು ಕೆಳಗಿಂದು ಎರಡೂ ಒಟ್ಟಿಗೆ ಹಾಕಿದ್ರೆ ಸಪ್ಲೈ ನೇರ ಶಾರ್ಟ್, ಬ್ರಿಡ್ಜ್ ಸುಟ್ಟು ಹೋಗತ್ತೆ. L298N ಒಳಗೆ ಒಂದು ಇನ್‌ಪುಟ್ಟು ಒಂದು ಕಡೆಯ ಎರಡನ್ನೂ ಉಲ್ಟಾ ಸುಲ್ಟಾ ನಡೆಸೋದ್ರಿಂದ ಆ ತಪ್ಪನ್ನ ನೀವು ಕೋಡಿಂದ ಮಾಡೋಕಾಗಲ್ಲ. ಬಿಡಿ ಮಾಸ್‌ಫೆಟ್ ತಂದು ಕಟ್ಟೋರು ಮಾತ್ರ ಎರಡರ ಮಧ್ಯೆ ಸ್ವಲ್ಪ ಹೊತ್ತು ಎರಡೂ ಆಫ್ ಇರೋ ಹಾಗೆ ಗ್ಯಾಪ್ ಕೊಡ್ಬೇಕು.

ಈಗ ಮುಂದಕ್ಕೆ ಓಡ್ತಿದೆ, ಪಿಡಬ್ಲ್ಯುಎಂ ಆಫ್ ಭಾಗಕ್ಕೆ ಬಂತು. ಮೊದಲ ದಾರಿ: ನಾಲ್ಕೂ ಸ್ವಿಚ್ ಆಫ್. ಕರೆಂಟ್ ಎಡದಿಂದ ಬಲಕ್ಕೇ ಹೋಗ್ಬೇಕು, ಹಾಗಾಗಿ ಗ್ರೌಂಡಿಂದ ಎಡ ಕೆಳಗಿನ ಡಯೋಡ್ ಮೂಲಕ ಬಂದು, ಮೋಟರ್ ದಾಟಿ, ಬಲ ಮೇಲಿನ ಡಯೋಡ್ ಮೂಲಕ ಸಪ್ಲೈಗೇ ವಾಪಸ್ ಹೋಗತ್ತೆ. ಅಂದ್ರೆ ಮೋಟರ್ ಮೇಲೆ ಈಗ ಉಲ್ಟಾ 12 ವೋಲ್ಟು, ಜೊತೆಗೆ ಎರಡು ಡಯೋಡಿನ ಸುಮಾರು ಒಂದೂವರೆ ವೋಲ್ಟು ಬಿದ್ದಿದೆ, ಕರೆಂಟ್ ದಬಕ್ ಅಂತ ಇಳಿಯತ್ತೆ. ಇದನ್ನ ಫಾಸ್ಟ್ ಡಿಕೇ ಅಂತಾರೆ. ಕರೆಂಟ್ ಸೊನ್ನೆಗೆ ಬಂದ್ಮೇಲೆ ಡಯೋಡ್ ಮುಚ್ಕೊಳ್ಳತ್ತೆ, ಮೋಟರ್ ಯಾರಿಗೂ ಅಂಟದ ಹಾಗೆ ತೇಲ್ತಾ ಇರತ್ತೆ, ತುದಿಗಳಲ್ಲಿ ಬರೀ ಬ್ಯಾಕ್ ಇಎಂಎಫ್ ಕಾಣತ್ತೆ. ತಡಿಯೋರು ಯಾರೂ ಇಲ್ಲ.

ಎರಡನೇ ದಾರಿ: ಮೇಲಿನ ಎರಡೂ ಆಫ್, ಕೆಳಗಿನ ಎರಡೂ ಆನ್. ಆಗ ಕರೆಂಟ್ ಮೋಟರಿಂದ ಬಲ ಕೆಳಗಿನ ಸ್ವಿಚ್ಚಿಗೆ ಇಳಿದು, ಗ್ರೌಂಡ್ ದಾಟಿ, ಎಡಗಡೆಯಿಂದ ಹತ್ತಿ ಮತ್ತೆ ಮೋಟರಿಗೇ ಬರತ್ತೆ, ಕೆಳಗಡೆನೇ ಸುತ್ತು ಹೊಡೀತಾ ಇರತ್ತೆ, ಸಪ್ಲೈ ಮುಟ್ಟಲ್ಲ. ಮೋಟರ್ ತುದಿಗಳು ಹೆಚ್ಚು ಕಮ್ಮಿ ಶಾರ್ಟ್ ಆಗಿವೆ, ಅಲ್ಲಿ ಸೊನ್ನೆಗೆ ಹತ್ರ. ಕರೆಂಟ್ ನಿಧಾನಕ್ಕೆ ಇಳಿಯತ್ತೆ, ಇದು ಸ್ಲೋ ಡಿಕೇ. ಹೊತ್ತು ಸಾಕಷ್ಟಿದ್ರೆ ಕರೆಂಟ್ ಸೊನ್ನೆ ದಾಟಿ ಉಲ್ಟಾನೂ ಓಡತ್ತೆ, ಆಗ ಮೋಟರ್ ಬ್ರೇಕ್ ಆಗ್ತಿದೆ ಅಂತ ಅರ್ಥ. ಪಾಠದ "ಅರ್ಧ ಡ್ಯೂಟಿ ಅಂದ್ರೆ ಅರ್ಧ ವೋಲ್ಟೇಜ್" ಅನ್ನೋದು ನಿಜ ಆಗೋದು ಈ ದಾರಿಯಲ್ಲೇ.

ಹೆಸರು ನೋಡಿ ಮೋಸ ಹೋಗ್ಬೇಡಿ. ಫಾಸ್ಟು ಸ್ಲೋ ಅನ್ನೋದು ಕರೆಂಟ್ ಇಳಿಯೋ ವೇಗಕ್ಕೆ, ಮೋಟರ್ ನಿಲ್ಲೋ ವೇಗಕ್ಕಲ್ಲ. ಸ್ಲೋ ಡಿಕೇಯಲ್ಲೇ ಮೋಟರ್ ಬೇಗ ನಿಲ್ಲೋದು.

ಈಗ ಶಿಡ್ಲಘಟ್ಟದ ಮೋಟರ್ ಲೆಕ್ಕ ಮಾಡೋಣ. ಸುಲಭ ಆಗ್ಲಿ ಅಂತ ಬ್ರಿಡ್ಜ್ ಸ್ವಿಚ್ಚುಗಳಲ್ಲಿ ಕಳೆಯೋ ವೋಲ್ಟೇಜ್ ಬಿಟ್ಟು ಹೇಳ್ತೀನಿ, ನಿಜದಲ್ಲಿ ಅಂಕಿಗಳು ಇನ್ನೂ ಸ್ವಲ್ಪ ಕೆಳಗೆ ಬರತ್ವೆ. ಲೋಡ್ ಇಲ್ದೆ ಈ ಮೋಟರ್ ತಿರುಗೋಕೆ 0.1 ಆಂಪ್ ಬೇಕು. ನೇರ 12 ವೋಲ್ಟಿಗೆ ಹಾಕಿದ್ರೆ 4 ಓಮಲ್ಲಿ 0.4 ವೋಲ್ಟ್ ಹೋಗಿ ಬ್ಯಾಕ್ ಇಎಂಎಫ್ 11.6 ವೋಲ್ಟ್, ಅದು ಫುಲ್ ಸ್ಪೀಡ್.

ಸ್ಲೋ ಡಿಕೇಯಲ್ಲಿ 50 ಪರ್ಸೆಂಟ್: ಸರಾಸರಿ 6 ವೋಲ್ಟ್, ಅದ್ರಲ್ಲಿ 0.4 ಕಳೆದ್ರೆ 5.6. ಫುಲ್ ಸ್ಪೀಡಿನ 48 ಪರ್ಸೆಂಟ್. ಸರಿಯಾಗಿದೆ.

ಫಾಸ್ಟ್ ಡಿಕೇಯಲ್ಲಿ ಅದೇ 50 ಪರ್ಸೆಂಟ್, ಅದೇ 490 ಹರ್ಟ್ಸ್: ಆಫ್ ಹೊತ್ತಲ್ಲಿ ಕರೆಂಟ್ ಬೇಗ ಸತ್ತು ಹೋಗತ್ತೆ, ಬ್ರೇಕ್ ಇಲ್ಲ, ಮೋಟರ್ ಹಾಗೇ ಉರುಳ್ತಾ ಇರತ್ತೆ. ಆನ್ ಆದಾಗ್ಲೆಲ್ಲ ಮತ್ತೆ ಮುಂದಕ್ಕೆ ಒಂದು ತಳ್ಳು. ಹೀಗೆ ತಳ್ತಾ ತಳ್ತಾ ಸ್ಪೀಡ್ ಏರ್ತಾ ಹೋಗತ್ತೆ, ತಳ್ಳೋ ಕರೆಂಟಿನ ಸರಾಸರಿ 0.1 ಆಂಪಿಗೆ ಇಳಿಯೋ ತನಕ. ಲೆಕ್ಕ ಹಾಕಿದ್ರೆ ಅದು ನಿಲ್ಲೋದು ಬ್ಯಾಕ್ ಇಎಂಎಫ್ 10.6 ವೋಲ್ಟ್ ಆದಾಗ. ಫುಲ್ ಸ್ಪೀಡಿನ 91 ಪರ್ಸೆಂಟ್! ಡ್ಯೂಟಿ 50, ಸ್ಪೀಡ್ 91. ನೂಲು ಹಿಡಿದು ಬಿಗಿ ಬಿದ್ದಾಗ ಏನಾಗತ್ತೆ, ಮೋಟರ್ ಪೂರ್ತಿ ನಿಂತ್ರೆ ಫಾಸ್ಟ್ ಡಿಕೇಯಲ್ಲಿ ಸರಾಸರಿ ಕರೆಂಟ್ ಸುಮಾರು 1 ಆಂಪ್, ಸ್ಲೋ ಡಿಕೇಯಲ್ಲಿ 1.5 ಆಂಪ್. ಟಾರ್ಕ್ ಕರೆಂಟಿಗೆ ತಕ್ಕ ಹಾಗೆ ಇರೋದ್ರಿಂದ ತಾಕತ್ತೂ ಮೂರನೇ ಒಂದು ಭಾಗ ಕಮ್ಮಿ. ಅಂದ್ರೆ ಲೋಡ್ ಇಲ್ದಾಗ ಎರಡರಷ್ಟು ಜೋರು, ಲೋಡ್ ಬಿದ್ದಾಗ ಮೊದಲಿಗಿಂತ ಸೊರಗು. ಆ ರೀಲರ್ ಫೋನಲ್ಲಿ ಹೇಳಿದ್ದು ಇದನ್ನೇ, ಒಂದಕ್ಷರ ತಪ್ಪಿಲ್ಲದೆ ಹೇಳಿದ್ರು, ನಾನು ಅದನ್ನ ಕೇಳಿದ ತಕ್ಷಣ ಅರ್ಥ ಮಾಡ್ಕೋಬೇಕಿತ್ತು.

ಹಾಗಾದ್ರೆ ಅವರ ಬೋರ್ಡ್ ಫಾಸ್ಟ್ ಡಿಕೇಗೆ ಹೋಗಿದ್ದು ಹೇಗೆ? ಅವ್ರು ಪಿಡಬ್ಲ್ಯುಎಂ ಕೊಟ್ಟಿದ್ದು EN ಪಿನ್ನಿಗೆ. ತುಂಬಾ ಜನ ಹಾಗೇ ಮಾಡ್ತಾರೆ, IN1 IN2 ದಿಕ್ಕಿಗೆ, EN ಸ್ಪೀಡಿಗೆ ಅಂತ. ನೋಡೋಕೆ ನೀಟಾಗೇ ಇದೆ. ಆದ್ರೆ L298 ಡೇಟಾಶೀಟಲ್ಲಿ ಸ್ಪಷ್ಟವಾಗಿ ಇದೆ, EN ಲೋ ಆದ್ರೆ ಮೋಟರ್ ಫ್ರೀ ಆಗಿ ಉರುಳಿ ನಿಲ್ಲತ್ತೆ, EN ಹೈ ಇಟ್ಟು IN1 IN2 ಎರಡೂ ಒಂದೇ ಆದ್ರೆ ಬೇಗ ನಿಲ್ಲತ್ತೆ ಅಂತ. EN ಲೋ ಅಂದ್ರೆ ನಾಲ್ಕೂ ಸ್ವಿಚ್ ಆಫ್, ಮೊದಲನೇ ದಾರಿ. ನಮಗೆ ಬೇಕಿದ್ದು ಎರಡನೇದು. ಹಾಗಾಗಿ EN ಜಂಪರ್ ವಾಪಸ್ ಹಾಕಿ ಯಾವಾಗ್ಲೂ ಹೈ ಮಾಡಿದ್ವಿ, IN2 ಲೋ ಇಟ್ವಿ, ಪಿಡಬ್ಲ್ಯುಎಂ ವೈರನ್ನ IN1ಗೆ ತಂದ್ವಿ. IN1 ಹೈ ಆದಾಗ ಮುಂದಕ್ಕೆ, ಲೋ ಆದಾಗ ಎರಡೂ ಕೆಳಗಿನ ಸ್ವಿಚ್ ಆನ್.

```
const int IN1 = 9, IN2 = 10;   // EN jumper on
void setup() {
  pinMode(IN1, OUTPUT);
  pinMode(IN2, OUTPUT);
  TCCR1B = (TCCR1B & 0xF8) | 0x02;  // 3.9 kHz
  digitalWrite(IN2, LOW);
  analogWrite(IN1, 128);
}
void loop() {}
```

ಒಂದು ವೈರ್ ಜಾಗ ಬದ್ಲಾಯ್ತು, ಮೀಟರ್ 9ರಿಂದ 5ರ ಆಸುಪಾಸಿಗೆ ಬಂತು, ಬಾಬಿನ್ ಮೇಲೆ ಬೆರಳಿಟ್ಟು ಒತ್ತಿದ್ರೆ ಸ್ಪೀಡ್ ಬಿದ್ರೂ ಮೊದಲಿನ ಥರ ಕುಸೀಲಿಲ್ಲ, ಬೆರಳು ತೆಗೆದ್ರೆ ಎಗರ್ಲಿಲ್ಲ.

ಈಗ ಆ TCCR1B ಸಾಲು ಯಾಕೆ ಅಂತ ಮುಂದೆ ಕೂತಿದ್ದ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. 490 ಹರ್ಟ್ಸಲ್ಲಿ ಆಫ್ ಹೊತ್ತು 1 ಮಿಲಿಸೆಕೆಂಡ್, ನಮ್ಮ ಮೋಟರಿನ ಅಳತೆ ಅರ್ಧ ಮಿಲಿಸೆಕೆಂಡ್, ಅಂದ್ರೆ ಆಫ್ ಹೊತ್ತಲ್ಲಿ ಕರೆಂಟ್ ಪೂರ್ತಿ ಇಳಿದು ಉಲ್ಟಾ ಓಡೋಕೆ ಸಮಯ ಸಿಗತ್ತೆ. ಬ್ಯಾಕ್ ಇಎಂಎಫ್ 4 ವೋಲ್ಟ್ ಇರೋ ಸ್ಪೀಡಲ್ಲಿ ಸ್ಲೋ ಡಿಕೇ ಸರಾಸರಿ ಕರೆಂಟ್ 0.5 ಆಂಪ್ ಇದ್ರೂ, ಪ್ರತಿ ಸುತ್ತಲ್ಲೂ ಅದು 1.65 ಆಂಪ್ ತನಕ ಏರಿ, ಮೈನಸ್ 0.65 ತನಕ ಇಳಿಯತ್ತೆ, ಒಂದ್ಸಲ ತಳ್ಳೋದು ಒಂದ್ಸಲ ಹಿಡಿಯೋದು. ತಿರುಗಿಸೋ ಬಲ ಸರಾಸರಿ ಕರೆಂಟಿಂದ ಬರತ್ತೆ, ಬಿಸಿ ಮಾತ್ರ ಕರೆಂಟಿನ ವರ್ಗದಿಂದ ಬರತ್ತೆ, ಹಾಗಾಗಿ ಈ ತೂಗಾಟ ಎಲ್ಲ ದಂಡವಾಗಿ ಬಿಸಿ. ಲೆಕ್ಕಕ್ಕೆ ತಂತಿಯಲ್ಲಿ 3.2 ವಾಟ್ ಸುಡತ್ತೆ. ಸಮತಟ್ಟಾಗಿ 0.5 ಆಂಪ್ ಹೋದ್ರೆ ಬರೀ 1 ವಾಟ್. ಅದೇ ಕೆಲಸಕ್ಕೆ ಮೂರು ಪಟ್ಟು ಬಿಸಿ. 3.9 ಕಿಲೋಹರ್ಟ್ಸಿಗೆ ಏರಿಸಿದ್ರೆ ತೂಗಾಟ ಒಟ್ಟು 0.4 ಆಂಪಿಗಿಂತ ಕಮ್ಮಿಗೆ ಇಳಿಯತ್ತೆ, ಬಿಸಿ 1 ವಾಟಿಗೆ ಹತ್ರ ಬರತ್ತೆ. ಅದಕ್ಕಿಂತ ಮೇಲೆ ಹೋಗಿ ಈ ಮೋಟರಿಗೆ ಬಿಸಿ ವಿಷಯದಲ್ಲಿ ಸಿಗೋದೇನೂ ಇಲ್ಲ, ಸಿಗೋದು ಕಿವಿಗೆ ಮಾತ್ರ, ಕುಯ್ ಅನ್ನೋ ಸದ್ದು ಹೋಗ್ಬೇಕಂದ್ರೆ 20 ಕಿಲೋಹರ್ಟ್ಸ್ ಬೇಕು. ರೀಲಿಂಗ್ ಶೆಡ್ ಸದ್ದಲ್ಲಿ ಅದು ಯಾರಿಗೂ ಕೇಳ್ಸಲ್ಲ. ಜೊತೆಗೆ L298 ಹಳೇ ಬೈಪೋಲಾರ್ ಚಿಪ್ಪು, ಆಫ್ ಆಗೋಕೇ ಕೆಲವು ಮೈಕ್ರೊಸೆಕೆಂಡ್ ತಗೊಳ್ಳತ್ತೆ, ಡೇಟಾಶೀಟಿನ ಗರಿಷ್ಠ 40 ಕಿಲೋಹರ್ಟ್ಸ್. ಚಿಪ್ ಒಳಗೆ ಡಯೋಡ್ ಇಲ್ಲ, ಹೊರಗೆ ವೇಗದ ಡಯೋಡ್ ಹಾಕಿ ಅನ್ನತ್ತೆ, ಕೆಂಪು ಬೋರ್ಡುಗಳಲ್ಲಿ ಹಲವು ಸಲ M7 ಅನ್ನೋ ಮಾಮೂಲಿ ನಿಧಾನದ ಡಯೋಡ್ ಕೂತಿರತ್ತೆ. ಅದನ್ನ 30 ಕಿಲೋಹರ್ಟ್ಸಲ್ಲಿ ಓಡಿಸೋದು ನನಗೆ ಸರಿ ಅನ್ನಿಸಲ್ಲ.

ಇಲ್ಲಿ ಇನ್ನೊಂದು ಬಲೆ ಇದೆ, ಇದ್ರಲ್ಲಿ ಸಿಕ್ಕಾಕ್ಕೊಂಡೋರನ್ನ ನಾನು ನೋಡಿದೀನಿ. EN ಪಿನ್ನಲ್ಲೇ ಪಿಡಬ್ಲ್ಯುಎಂ ಇಟ್ಕೊಂಡು ಸದ್ದು ಹೋಗ್ಲಿ ಅಂತ 20 ಕಿಲೋಹರ್ಟ್ಸ್ ಮಾಡ್ತಾರೆ. ಮೋಟರ್ ಎದ್ದೇ ಏಳಲ್ಲ. ಕೋಡ್ ತಪ್ಪು, ಚಿಪ್ ಡೂಪ್ಲಿಕೇಟು ಅಂತ ತಲೆ ಕೆಡಿಸ್ಕೋತಾರೆ. ಲೆಕ್ಕ ನೋಡಿ: ಆನ್ ಹೊತ್ತು 25 ಮೈಕ್ರೊಸೆಕೆಂಡ್ ಮಾತ್ರ, ಅಷ್ಟ್ರಲ್ಲಿ 2 ಮಿಲಿಹೆನ್ರಿಯಲ್ಲಿ ಕರೆಂಟ್ 0.15 ಆಂಪ್ ಏರತ್ತೆ, ಆಫ್ ಆದ ತಕ್ಷಣ ಉಲ್ಟಾ ಹದಿಮೂರೂವರೆ ವೋಲ್ಟ್ ಅದನ್ನ 22 ಮೈಕ್ರೊಸೆಕೆಂಡಲ್ಲಿ ಮತ್ತೆ ಸೊನ್ನೆಗೆ ತಂದಿಡತ್ತೆ. ಕಟ್ಟಿದ್ದನ್ನೆಲ್ಲ ಕೆಡವಿ ಮತ್ತೆ ಕಟ್ಟೋ ಹಾಗೆ. ನಿಂತಿರೋ ಮೋಟರಿಗೆ ಸಿಗೋ ಸರಾಸರಿ 0.07 ಆಂಪ್, ಲೋಡ್ ಇಲ್ದೆ ತಿರುಗೋಕೇ 0.1 ಬೇಕು. ಅದೇ ಸ್ಲೋ ಡಿಕೇಯಲ್ಲಿ 1.5 ಆಂಪ್ ಸಿಗ್ತಿತ್ತು. ಫ್ರೀಕ್ವೆನ್ಸಿ ಏರಿಸಿದಾಗ ಮೋಟರ್ ಸತ್ತ ಹಾಗಾದ್ರೆ ಮೊದ್ಲು ಫ್ರೀವೀಲಿಂಗ್ ದಾರಿ ಯಾವುದು ಅಂತ ನೋಡಿ.

ಆಸಿಲೊಸ್ಕೋಪ್ ಇದ್ರೆ ಕಣ್ಣಲ್ಲೇ ಗೊತ್ತಾಗತ್ತೆ. ಆಫ್ ಭಾಗದಲ್ಲಿ ಮೋಟರ್ ವೋಲ್ಟೇಜ್ ಸೊನ್ನೆ ಹತ್ರ ಮಲಗಿದ್ರೆ ಸ್ಲೋ ಡಿಕೇ. ಕೆಳಕ್ಕೆ ಒಂದು ಚಿಕ್ಕ ಗುಂಡಿ ಬಿದ್ದು, ಆಮೇಲೆ ಮೇಲೆ ಬಂದು ಮಧ್ಯದಲ್ಲಿ ಜಗಲಿ ಥರ ಸಮವಾಗಿ ನಿಂತ್ರೆ ಫಾಸ್ಟ್ ಡಿಕೇ, ಆ ಜಗಲಿ ಎತ್ತರವೇ ಬ್ಯಾಕ್ ಇಎಂಎಫ್. ಸ್ಕೋಪ್ ಇಲ್ದಿದ್ರೆ ಮಲ್ಟಿಮೀಟರ್ ಸಾಕು, ಲೋಡ್ ತೆಗೆದು 50 ಪರ್ಸೆಂಟಲ್ಲಿ ಓಡಿಸಿ ಅಳೀರಿ, ಅರ್ಧಕ್ಕಿಂತ ತುಂಬಾ ಜಾಸ್ತಿ ಬಂದ್ರೆ ಅಲ್ಲೇ ಉತ್ತರ.

ಎಲ್ಲಾ ಚಿಪ್ಪೂ ಒಂದೇ ಥರ ಅಲ್ಲ. TB6612ನಲ್ಲಿ ಪಿಡಬ್ಲ್ಯುಎಂ ಪಿನ್ ಲೋ ಆದ್ರೆ ಶಾರ್ಟ್ ಬ್ರೇಕ್, ಅಂದ್ರೆ ಸ್ಲೋ ಡಿಕೇ. L298N ತೆಗೆದು ಅದನ್ನ ಹಾಕಿ ಅದೇ ಕೋಡ್ ಓಡಿಸಿದೋರು "ಹೊಸ ಚಿಪ್ ವೀಕು, ಸ್ಪೀಡ್ ಬಿತ್ತು" ಅಂತಾರೆ, ಬಿದ್ದಿದ್ದಲ್ಲ, ಈಗ್ಲೇ ಸರಿಯಾಗಿರೋದು. DRV8833ಲ್ಲಿ IN1ಗೆ ಪಿಡಬ್ಲ್ಯುಎಂ ಕೊಟ್ಟು IN2 ಲೋ ಇಟ್ರೆ ಫಾಸ್ಟು, IN1 ಹೈ ಇಟ್ಟು IN2ಗೆ ಪಿಡಬ್ಲ್ಯುಎಂ ಕೊಟ್ರೆ ಸ್ಲೋ. ಅಲ್ಲಿ ನಮ್ಮ L298 ಕೋಡ್ ಹಾಗೇ ಹಾಕಿದ್ರೆ ಉಲ್ಟಾ ಆಗತ್ತೆ, ಜೊತೆಗೆ ಅದು 10.8 ವೋಲ್ಟಿಗಿಂತ ಜಾಸ್ತಿ ತಡಿಯಲ್ಲ, 12 ವೋಲ್ಟ್ ಕೊಡ್ಬೇಡಿ.

ಕೊನೇಲಿ ಒಬ್ರು ಮೆಕ್ಯಾನಿಕ್ ಎದ್ದು ಕೇಳಿದ್ರು, "ಸಪ್ಲೈ ಉಲ್ಟಾ ಕೊಟ್ರೆ ಸುಡಬಾರದು ಅಂತ ನಾನು ಸಪ್ಲೈ ವೈರಲ್ಲಿ ಒಂದು ಡಯೋಡ್ ಹಾಕ್ತೀನಿ, ಅದ್ರಿಂದ ಏನಾದ್ರೂ ತೊಂದ್ರೆ ಇದೆಯಾ ಅಣ್ಣ?" ಇದೆ. ಫಾಸ್ಟ್ ಡಿಕೇಯಲ್ಲಿ, ಇಲ್ಲಾ ಓಡ್ತಿರೋ ಮೋಟರ್‌ನ ದಿಢೀರ್ ಎಲ್ಲಾ ಆಫ್ ಮಾಡಿದಾಗ, ಕರೆಂಟ್ ಸಪ್ಲೈ ಕಡೆ ವಾಪಸ್ ಬರತ್ತೆ ಅಂದೆನಲ್ಲ, ಆ ಡಯೋಡ್ ಅದನ್ನ ತಡೆದು ನಿಲ್ಸತ್ತೆ. ಆಗ ಅದು ಹೋಗೋಕಿರೋ ಒಂದೇ ಜಾಗ ಬ್ರಿಡ್ಜ್ ಪಕ್ಕದ ಕೆಪಾಸಿಟರ್. ನಮ್ಮ ಮೋಟರಲ್ಲಿ 1.7 ಆಂಪ್ ಓಡ್ತಿದ್ದಾಗ ಸುರುಳಿಯಲ್ಲಿರೋ ಶಕ್ತಿ ಸುಮಾರು 3 ಮಿಲಿಜೌಲ್. ಅಲ್ಲಿ 470 ಮೈಕ್ರೊಫ್ಯಾರಡ್ ಇದ್ರೆ 12 ವೋಲ್ಟ್ 12.5 ಆಗತ್ತೆ, ಗೊತ್ತೂ ಆಗಲ್ಲ. ಬರೀ 0.1 ಮೈಕ್ರೊಫ್ಯಾರಡ್ ಡಿಸ್ಕ್ ಇದ್ರೆ ಲೆಕ್ಕಕ್ಕೆ 200 ವೋಲ್ಟ್ ದಾಟತ್ತೆ, ಅದಕ್ಕೂ ಎಷ್ಟೋ ಮೊದ್ಲೇ ಚಿಪ್ ಹೋಗಿರತ್ತೆ, L298 ತಡಿಯೋದು 50 ವೋಲ್ಟ್, TB6612 ಬರೀ 15. ಹಾಗಾಗಿ ಡಯೋಡ್ ಹಾಕಿ, ಬೇಡ ಅನ್ನಲ್ಲ, ಆದ್ರೆ ದೊಡ್ಡ ಕೆಪಾಸಿಟರ್ ಡಯೋಡಿನ ಈಚೆ, ಬ್ರಿಡ್ಜ್ ಕಡೆ ಇರ್ಲಿ, ಕಾಲು ಗಿಡ್ಡವಾಗಿ ಕತ್ತರಿಸಿ ಚಿಪ್ಪಿಗೆ ಹತ್ರ ಬೆಸುಗೆ ಹಾಕಿ. ದಿಕ್ಕು ಬದ್ಲಾಯಿಸುವಾಗ್ಲೂ ಫುಲ್ ಸ್ಪೀಡಿಂದ ನೇರ ಉಲ್ಟಾ ಕೊಡ್ಬೇಡಿ, ಆಗ ಸಪ್ಲೈ 12, ಬ್ಯಾಕ್ ಇಎಂಎಫ್ 11 ಚಿಲ್ಲರೆ, ಎರಡೂ ಸೇರಿ 4 ಓಮಿಗೆ ಬಿದ್ರೆ ಹತ್ರ ಹತ್ರ 6 ಆಂಪ್ ಆಗತ್ತೆ, L298ನ ಒಂದು ಕಡೆ ತಡಿಯೋದು 2 ಆಂಪ್. ಡ್ಯೂಟಿನ ಮೆಟ್ಟಿಲು ಇಳಿಸಿದ ಹಾಗೆ ಸೊನ್ನೆಗೆ ತಂದು, ಬಾಬಿನ್ ನಿಂತ ಮೇಲೆ ಇನ್ನೊಂದು ಪಿನ್ನಲ್ಲಿ ಹತ್ತಿಸಿ.